ಬೇಟೆಗಾರರೇ ಇಲ್ಲದ ದ್ವೀಪದಲ್ಲಿ ಮ್ಯಾಮತ್‌ಗಳು ಸತ್ತಿದ್ದು ಹೇಗೆ? ಸೇಂಟ್ ಪಾಲ್ ಪ್ರಕರಣ

ಆನೆ ಜಾತಿಯ ಉಣ್ಣೆ ಮ್ಯಾಮತ್‌ಗಳನ್ನು ಮುಗಿಸಿದ್ದು ಯಾರು ಅಂತ ಕೇಳಿದರೆ ಎರಡು ಉತ್ತರ ಸಿಗುತ್ತವೆ. ಮನುಷ್ಯ ಬೇಟೆಯಾಡಿ ಮುಗಿಸಿದ ಎನ್ನುವುದು ಒಂದು. ಹಿಮಯುಗ ಮುಗಿದು ಹವಾಮಾನ ಬದಲಾಯಿತು, ಮೇವು ಹೋಯಿತು, ಅವೂ ಹೋದವು ಎನ್ನುವುದು ಇನ್ನೊಂದು. ಈ ಜಗಳಕ್ಕೆ ಅರವತ್ತು ವರ್ಷ ಸಮೀಪಿಸುತ್ತಿದೆ. 1967ರಲ್ಲಿ ಅಮೆರಿಕದ ವಿಜ್ಞಾನಿ ಪಾಲ್ ಮಾರ್ಟಿನ್ ಬೇಟೆಯ ವಾದವನ್ನು ಗಟ್ಟಿಯಾಗಿ ಮುಂದಿಟ್ಟರು. ಮನುಷ್ಯ ಹೊಸದಾಗಿ ಕಾಲಿಟ್ಟ ಕಡೆಯೆಲ್ಲ ದೊಡ್ಡ ಪ್ರಾಣಿಗಳು ಬೇಗ ಮಾಯವಾದವು ಅನ್ನುವುದು ಅವರ ಮಾತಿನ ತಿರುಳು. ಅವತ್ತಿನಿಂದ ಎರಡು ಕಡೆಯವರೂ ಹಗ್ಗ ಎಳೆಯುತ್ತಲೇ ಇದ್ದಾರೆ.

ಇದು ಇಷ್ಟು ವರ್ಷ ಬಗೆಹರಿಯದೆ ಇರುವುದಕ್ಕೆ ಒಂದು ಸರಳ ಕಾರಣ ಇದೆ. ಉತ್ತರ ಅಮೆರಿಕದಲ್ಲಿ ಎರಡೂ ಘಟನೆ ಹೆಚ್ಚು ಕಡಿಮೆ ಒಂದೇ ಹೊತ್ತಿಗೆ ನಡೆದವು. ಹಿಮ ಕರಗುತ್ತಿದ್ದ ಕಾಲದಲ್ಲೇ ಈಟಿ ಹಿಡಿದ ಜನರೂ ಅಲ್ಲಿ ಹರಡುತ್ತಿದ್ದರು. ಇಬ್ಬರು ಆರೋಪಿಗಳೂ ಒಂದೇ ಸಮಯಕ್ಕೆ ಸ್ಥಳದಲ್ಲಿದ್ದರೆ ಯಾರ ಮೇಲೆ ಕೇಸು ಹಾಕುವುದು? ಅದಕ್ಕೇ ಒಬ್ಬ ಆರೋಪಿ ಇರಲೇ ಇಲ್ಲ ಅಂತ ಖಚಿತವಾಗಿ ಹೇಳಬಹುದಾದ ಜಾಗ ಬೇಕಿತ್ತು. ಅಂಥ ಜಾಗವೊಂದಿದೆ: ಬೇರಿಂಗ್ ಸಮುದ್ರದ ನಡುವಿನ ಸೇಂಟ್ ಪಾಲ್ ದ್ವೀಪ. ಅಲ್ಲಿನ ಮ್ಯಾಮತ್‌ಗಳ ಸಾವಿನ ತನಿಖೆ 2016ರಲ್ಲಿ ಪ್ರಕಟವಾಯಿತು. ಈ ಇಡೀ ಚರ್ಚೆಯಲ್ಲಿ ಇಷ್ಟು ಚೊಕ್ಕವಾಗಿ ನಡೆದ ತನಿಖೆ ಇನ್ನೊಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಅದರಿಂದ ಎಷ್ಟು ಸಾಬೀತಾಗುತ್ತದೆ, ಎಷ್ಟು ಆಗುವುದಿಲ್ಲ ಎರಡನ್ನೂ ನೋಡೋಣ.

ಜಾಗ

ಸೇಂಟ್ ಪಾಲ್ ಅಲಾಸ್ಕಾ ರಾಜ್ಯಕ್ಕೆ ಸೇರಿದ್ದು, ಪ್ರಿಬಿಲಾಫ್ ದ್ವೀಪಗಳಲ್ಲಿ ಒಂದು. ಅಲಾಸ್ಕಾದ ದಡದಿಂದ ನಾನೂರು ಕಿಲೋಮೀಟರಿಗೂ ದೂರ. ಜ್ವಾಲಾಮುಖಿ ಕಕ್ಕಿದ ಕಲ್ಲಿನ ನೆಲ, ಮರ ಇಲ್ಲ, ಬರೀ ಹುಲ್ಲು ಮತ್ತು ಪಾಚಿ, ಸದಾ ಗಾಳಿ ಮತ್ತು ಮಂಜು. ವಿಸ್ತೀರ್ಣ ಸುಮಾರು 110 ಚದರ ಕಿಲೋಮೀಟರ್. ನಮ್ಮ ನಾಗರಹೊಳೆ ರಾಷ್ಟ್ರೀಯ ಉದ್ಯಾನದ ಆರನೇ ಒಂದು ಭಾಗ ಅಂದುಕೊಳ್ಳಿ.

ಹಿಮಯುಗದಲ್ಲಿ ಅದು ದ್ವೀಪ ಆಗಿರಲಿಲ್ಲ. ಭೂಮಿಯ ಬಹಳಷ್ಟು ನೀರು ಹಿಮವಾಗಿ ನೆಲದ ಮೇಲೆ ಕೂತಿದ್ದರಿಂದ ಸಮುದ್ರದ ಮಟ್ಟ ಈಗಿಗಿಂತ ನೂರು ಮೀಟರಿಗೂ ಜಾಸ್ತಿ ಕೆಳಗಿತ್ತು. ಸೈಬೀರಿಯಾ ಮತ್ತು ಅಲಾಸ್ಕಾದ ಮಧ್ಯೆ ಬೆರಿಂಜಿಯಾ ಎಂಬ ದೊಡ್ಡ ಬಯಲಿತ್ತು. ಸೇಂಟ್ ಪಾಲ್ ಆ ಬಯಲಿನ ದಕ್ಷಿಣದ ಅಂಚಿನಲ್ಲಿದ್ದ ಒಂದು ಗುಡ್ಡ. ಮ್ಯಾಮತ್‌ಗಳು ಅಲ್ಲಿಗೆ ನಡೆದೇ ಬಂದವು. ಹಿಮ ಕರಗಿ ಸಮುದ್ರ ಏರಿದಾಗ, ಅಂದರೆ ಸುಮಾರು 14,700ರಿಂದ 13,500 ವರ್ಷಗಳ ಹಿಂದೆ, ಗುಡ್ಡದ ಸುತ್ತ ನೀರು ತುಂಬಿತು. ಅಲ್ಲಿದ್ದವು ಅಲ್ಲೇ ಸಿಕ್ಕಿಬಿದ್ದವು.

ಆಮೇಲೂ ನೀರು ಏರುತ್ತಲೇ ಹೋಯಿತು. ದ್ವೀಪ ಸುಮಾರು 9,000 ವರ್ಷಗಳ ಹಿಂದಿನವರೆಗೆ ವೇಗವಾಗಿ ಕುಗ್ಗಿತು. ಆಮೇಲೆ ನಿಧಾನವಾಗಿ ಕುಗ್ಗುತ್ತಾ 6,000 ವರ್ಷಗಳ ಹಿಂದೆ ಹೆಚ್ಚು ಕಡಿಮೆ ಈಗಿನ ಗಾತ್ರಕ್ಕೆ ಬಂತು.

ಅಮೆರಿಕದ ಮುಖ್ಯ ಭೂಭಾಗದಲ್ಲಿ ಮ್ಯಾಮತ್‌ಗಳು ಮುಗಿದು ಸಾವಿರಾರು ವರ್ಷ ಆದಮೇಲೂ ಇಲ್ಲಿ ಇದ್ದವು. ಇದು ಗೊತ್ತಾಗಿದ್ದು ಮೂಳೆಗಳಿಂದ. ಲಾವಾ ಹರಿದು ಆದ ಒಂದು ಗುಹೆ ದ್ವೀಪದಲ್ಲಿದೆ. ಅದು 1999ರಲ್ಲಿ ಸಂಶೋಧಕರ ಕಣ್ಣಿಗೆ ಬಿತ್ತು. ಒಳಗೆ ಮ್ಯಾಮತ್ ಮೂಳೆ, ಹಲ್ಲು ಸಿಕ್ಕವು. ಕಾರ್ಬನ್ ಡೇಟಿಂಗ್ ಮಾಡಿದಾಗ ಅವುಗಳ ವಯಸ್ಸು ನಂಬಲು ಕಷ್ಟವಾಗುವಷ್ಟು ಕಡಿಮೆ ಬಂತು. ಹಿಮಯುಗ ಮುಗಿದಿದ್ದು ಸುಮಾರು 11,700 ವರ್ಷಗಳ ಹಿಂದೆ. ಇಲ್ಲಿನ ಕೆಲವು ಮೂಳೆ ಅದಕ್ಕಿಂತ ಐದು ಸಾವಿರ ವರ್ಷ ಈಚಿನವು.

ಇನ್ನು ಮನುಷ್ಯರ ವಿಷಯ. ರಷ್ಯನ್ನರು ತುಪ್ಪಳದ ಸೀಲ್‌ಗಳನ್ನು ಹುಡುಕಿಕೊಂಡು ಸೇಂಟ್ ಪಾಲ್‌ಗೆ ಬಂದದ್ದು 1787ರಲ್ಲಿ. ಅದಕ್ಕೂ ಮೊದಲು ಅಲ್ಲಿ ಜನ ಇದ್ದರು ಅನ್ನುವುದಕ್ಕೆ ಒಂದೇ ಒಂದು ಕಲ್ಲಿನ ಚೂರು, ಒಲೆಯ ಬೂದಿ, ಕೊಯ್ದ ಗುರುತಿರುವ ಮೂಳೆ ಸಿಕ್ಕಿಲ್ಲ. ಹೀಗಾಗಿ ಮನುಷ್ಯ ಈ ಕೇಸಿನಿಂದ ಹೊರಗೆ.

ಸಾವಿನ ತಾರೀಖು ಹಿಡಿಯುವುದು

ಕಾರಣ ಹುಡುಕುವ ಮೊದಲು ಸಮಯ ಗೊತ್ತಾಗಬೇಕು. ಇಲ್ಲಿ ಬಹಳ ಜನ ಎಡವುತ್ತಾರೆ. ಎಲ್ಲಕ್ಕಿಂತ ಈಚಿನ ಮೂಳೆ ಸಿಕ್ಕಿತು, ಅದರ ವಯಸ್ಸೇ ಅಳಿವಿನ ಸಮಯ ಅಂದುಬಿಡುತ್ತಾರೆ. ಆದರೆ ಸತ್ತ ಪ್ರಾಣಿಗಳಲ್ಲಿ ಮೂಳೆಯಾಗಿ ಉಳಿಯುವುದೇ ಸಾವಿರಕ್ಕೆ ಒಂದೋ ಎರಡೋ. ಅದರಲ್ಲೂ ನಮ್ಮ ಕೈಗೆ ಸಿಗುವುದು ಇನ್ನೂ ಕಡಿಮೆ. ಕಟ್ಟಕಡೆಯ ಮ್ಯಾಮತ್ತಿನ ಮೂಳೆಯೇ ನಮಗೆ ಸಿಗುವ ಸಾಧ್ಯತೆ ಇಲ್ಲ ಅಂತಲೇ ಹೇಳಬೇಕು. ಅಂದರೆ ನಿಜವಾದ ಅಳಿವು ಯಾವಾಗಲೂ ಕೊನೆಯ ಮೂಳೆಗಿಂತ ಈಚೆಗೇ ಇರುತ್ತದೆ. ಎಷ್ಟು ಈಚೆಗೆ ಅನ್ನುವುದನ್ನು ಮೂಳೆ ಹೇಳುವುದಿಲ್ಲ.

ಅದಕ್ಕಾಗಿ ತಂಡದವರು ಮೂಳೆ ಬಿಟ್ಟು ಕೆಸರಿಗೆ ಕೈ ಹಾಕಿದರು. ರಸೆಲ್ ಗ್ರಹಾಂ ಮುಂದಾಳುತನದ ಈ ತಂಡದಲ್ಲಿ ಹಳೆಯ ಡಿಎನ್‌ಎ ಓದುವವರು, ಪರಾಗ ಎಣಿಸುವವರು, ಮೂಳೆಯ ರಸಾಯನ ನೋಡುವವರು ಎಲ್ಲ ಇದ್ದರು. ದ್ವೀಪದಲ್ಲಿ ಲೇಕ್ ಹಿಲ್ ಅಂತ ಒಂದು ಸಿಹಿನೀರಿನ ಕೆರೆ ಇದೆ. ಅಲ್ಲಿ ಸಿಹಿನೀರು ಸಿಗುವ ಜಾಗಗಳೇ ಬೆರಳೆಣಿಕೆಯಷ್ಟು. 2013ರಲ್ಲಿ, ಕೆರೆ ಹೆಪ್ಪುಗಟ್ಟಿದ್ದಾಗ, ಮಂಜುಗಡ್ಡೆಯ ಮೇಲೆ ನಿಂತು ತಳದ ಕೆಸರಿಗೆ ಕೊಳವೆ ಇಳಿಸಿದರು. ವರ್ಷ ವರ್ಷವೂ ಕೆರೆಯ ತಳಕ್ಕೆ ಹೂಳು ಇಳಿಯುತ್ತದೆ. ಹಳೆಯದು ಕೆಳಗೆ, ಹೊಸದು ಮೇಲೆ. ಕೊಳವೆಯಲ್ಲಿ ಬಂದ ಕೆಸರಿನ ಕಂಬ ಸುಮಾರು 18,000 ವರ್ಷಗಳ ಲೆಕ್ಕದ ಪುಸ್ತಕ. ಅದರಲ್ಲಿ ಸಿಕ್ಕ ಗಿಡದ ಚೂರುಗಳಿಗೆ ಕಾರ್ಬನ್ ಡೇಟಿಂಗ್ ಮಾಡಿ ಯಾವ ಪದರ ಯಾವ ಕಾಲದ್ದು ಅಂತ ಗುರುತು ಹಾಕಿಕೊಂಡರು.

ಈ ಕೆಸರಲ್ಲಿ ಮ್ಯಾಮತ್ ಗುರುತು ಹುಡುಕಲು ಎರಡು ದಾರಿ ಹಿಡಿದರು. ಒಂದು ಡಿಎನ್‌ಎ. ಕೆರೆಗೆ ನೀರು ಕುಡಿಯಲು ಬಂದ ಪ್ರಾಣಿ ಲದ್ದಿ ಹಾಕುತ್ತದೆ, ಉಚ್ಚೆ ಹೊಯ್ಯುತ್ತದೆ, ಕೂದಲು ಉದುರಿಸುತ್ತದೆ. ಅದರ ಡಿಎನ್‌ಎ ಚೂರುಗಳು ಕೆಸರಿನ ಕಣಗಳಿಗೆ ಅಂಟಿಕೊಂಡು ಉಳಿಯುತ್ತವೆ. ಚಳಿ ಜಾಗದಲ್ಲಿ ಸಾವಿರಾರು ವರ್ಷ ಉಳಿಯುವುದುಂಟು.

ಇನ್ನೊಂದು ದಾರಿ ನನಗೆ ಹೆಚ್ಚು ಇಷ್ಟ. ಲದ್ದಿಯ ಮೇಲೆ ಮಾತ್ರ ಬೆಳೆಯುವ ಕೆಲವು ಬೂಷ್ಟುಗಳಿವೆ. ಅವುಗಳ ಬೀಜಕಣ ಹುಲ್ಲಿಗೆ ಅಂಟಿಕೊಂಡಿರುತ್ತದೆ. ಪ್ರಾಣಿ ಹುಲ್ಲು ತಿಂದಾಗ ಹೊಟ್ಟೆಯೊಳಗೆ ಹೋಗಿ, ಜೀರ್ಣವಾಗದೆ ಲದ್ದಿಯ ಜೊತೆ ಹೊರಗೆ ಬಂದು, ಅಲ್ಲೇ ಮೊಳೆಯುತ್ತದೆ. ಬೆಳೆದ ಮೇಲೆ ಬೀಜಕಣಗಳನ್ನು ಮತ್ತೆ ಸುತ್ತಲ ಹುಲ್ಲಿಗೆ ಸಿಡಿಸುತ್ತದೆ. ಒಂದಿಷ್ಟು ಮಳೆಗೆ ಕೊಚ್ಚಿಕೊಂಡು ಕೆರೆ ಸೇರುತ್ತವೆ. ಮೇಯುವ ಪ್ರಾಣಿ ಹೋದರೆ ಈ ಚಕ್ರ ನಿಲ್ಲುತ್ತದೆ, ಕೆಸರಲ್ಲಿ ಬೀಜಕಣವೂ ಸಿಗುವುದಿಲ್ಲ. ಲೇಕ್ ಹಿಲ್ ಕೆಸರಲ್ಲಿ ಇಂಥ ಮೂರು ಬಗೆಯ ಬೂಷ್ಟನ್ನು ಎಣಿಸಿದರು: ಸ್ಪೋರೋರ್ಮಿಯೆಲ್ಲಾ, ಸೋರ್ಡೇರಿಯಾ, ಪೋಡೋಸ್ಪೋರಾ. ಬೇರೆ ಕಡೆ ಈ ಎಣಿಕೆಯಲ್ಲಿ ಒಂದು ತಕರಾರು ಇರುತ್ತದೆ. ಕಾಡೆಮ್ಮೆ, ಕುದುರೆ, ಜಿಂಕೆ ಎಲ್ಲದರ ಲದ್ದಿಯಲ್ಲೂ ಇವು ಬೆಳೆಯುತ್ತವೆ, ಯಾವ ಪ್ರಾಣಿಯದು ಅಂತ ಹೇಳಲಾಗುವುದಿಲ್ಲ. ಸೇಂಟ್ ಪಾಲ್‌ನಲ್ಲಿ ಆ ತಲೆನೋವಿಲ್ಲ. ಆಗ ಅಲ್ಲಿ ಹುಲ್ಲು ಮೇಯುವ ದೊಡ್ಡ ಪ್ರಾಣಿ ಅಂತ ಇದ್ದದ್ದು ಮ್ಯಾಮತ್ ಒಂದೇ.

ಕೆಸರಿನ ಡಿಎನ್‌ಎ, ಮೂರೂ ಬೂಷ್ಟು, ಜೊತೆಗೆ ಹೊಸದಾಗಿ ವಯಸ್ಸು ಅಳೆದ ಮೂಳೆಗಳು, ಎಲ್ಲ ಒಂದೇ ಕಡೆ ಬೆರಳು ತೋರಿಸಿದವು. 5,600 ವರ್ಷಗಳ ಹಿಂದೆ, ನೂರು ವರ್ಷ ಆಚೆ ಈಚೆ. ಇತಿಹಾಸಕ್ಕೂ ಹಿಂದಿನ ಒಂದು ಅಳಿವಿನ ಸಮಯವನ್ನು ಇಷ್ಟು ಬಿಗಿಯಾಗಿ ಹಿಡಿದ ಉದಾಹರಣೆ ತೀರಾ ಅಪರೂಪ.

ಎರಡು ದಾರಿ ಯಾಕೆ ಬೇಕು, ಡಿಎನ್‌ಎ ಒಂದೇ ಸಾಲದಾ? ಸಾಲದು. ಸೈಬೀರಿಯಾದ ತೈಮಿರ್ ಪ್ರಾಂತ್ಯದ ಮಣ್ಣಲ್ಲಿ ಸುಮಾರು 3,900 ವರ್ಷಗಳ ಹಿಂದಿನ ಪದರದಲ್ಲೂ ಮ್ಯಾಮತ್ ಡಿಎನ್‌ಎ ಇದೆ ಅಂತ 2021ರಲ್ಲಿ ಒಂದು ವರದಿ ಬಂತು. ಕೂಡಲೇ ಬೇರೆ ವಿಜ್ಞಾನಿಗಳು ಆಕ್ಷೇಪ ಎತ್ತಿದರು. ಅಂಥ ಚಳಿ ನೆಲದಲ್ಲಿ ಸತ್ತ ಮ್ಯಾಮತ್ತಿನ ದೇಹ ಸಾವಿರಾರು ವರ್ಷ ಹಾಗೇ ಇರುತ್ತದೆ, ನೀರಿಗೆ ನೆಲ ಕೊರೆದುಹೋದಾಗ ಹಳೆಯ ಮೂಳೆಯ ಡಿಎನ್‌ಎ ಹೊಸ ಪದರಕ್ಕೆ ಸೇರಿಕೊಳ್ಳಬಹುದಲ್ವಾ ಅನ್ನುವುದು ಅವರ ಪ್ರಶ್ನೆ. ಸರಿಯಾದ ಪ್ರಶ್ನೆಯೇ. ಆದರೆ ಹಳೆಯ ಮೂಳೆ ಡಿಎನ್‌ಎ ಬಿಡಬಹುದೇ ಹೊರತು ಹೊಸ ಲದ್ದಿ ಹಾಕಲಾರದು. ಡಿಎನ್‌ಎ ಮತ್ತು ಬೂಷ್ಟು ಒಟ್ಟಿಗೆ ಕಾಣೆಯಾದರೆ ಆಗ ಪ್ರಾಣಿಯೇ ಇಲ್ಲವಾಗಿದೆ ಅಂತ ನಂಬಬಹುದು. ಸೇಂಟ್ ಪಾಲ್ ತನಿಖೆಯ ಗಟ್ಟಿತನ ಇರುವುದು ಇಲ್ಲಿ.

ಏನಾಯಿತು?

ಸಮಯ ಸಿಕ್ಕ ಮೇಲೆ ಒಂದೊಂದೇ ಅನುಮಾನವನ್ನು ಪರೀಕ್ಷೆ ಮಾಡಬಹುದು.

ಜ್ವಾಲಾಮುಖಿ ದ್ವೀಪ, ಹಾಗಾದರೆ ಸ್ಫೋಟವೇ ಮುಗಿಸಿತಾ? ಆ ಹೊತ್ತಿಗೆ ಸರಿಯಾಗಿ ಕೂರುವ ಬೂದಿಯ ಕುರುಹು ಸಿಗಲಿಲ್ಲ. ಹಿಮಕರಡಿ ಬಂದು ತಿಂದವಾ? ದ್ವೀಪದಲ್ಲಿ ಸಿಕ್ಕ ಕರಡಿ ಮೂಳೆಗಳು ಆಮೇಲಿನ ಕಾಲದವು. ದ್ವೀಪ ಕುಗ್ಗಿ ಜಾಗ ಸಾಲದೆ ಹೋಯಿತಾ? ಕುಗ್ಗಿದ್ದು ನಿಜ. ಆದರೆ ವೇಗವಾಗಿ ಕುಗ್ಗಿದ್ದು 9,000 ವರ್ಷಗಳ ಹಿಂದಿನವರೆಗೆ. ಅದಾದ ಮೇಲೆ ಮೂರು ಸಾವಿರಕ್ಕೂ ಹೆಚ್ಚು ವರ್ಷ ಅವು ಬದುಕಿದ್ದವು. ಬರೀ ಜಾಗದ ಕೊರತೆಯೇ ಕೊಂದಿತು ಅನ್ನುವುದು ಈ ಲೆಕ್ಕಕ್ಕೆ ಕೂರುವುದಿಲ್ಲ.

ಮೇವಿನ ಕತೆ? ಕೆಸರಿನ ಪರಾಗ ನೋಡಿದರೆ ಅಳಿವಿಗೆ ಮೊದಲು ಸಸ್ಯಗಳಲ್ಲಿ ದೊಡ್ಡ ಬದಲಾವಣೆ ಕಾಣುವುದಿಲ್ಲ. ಹುಲ್ಲು, ಸಣ್ಣ ಗಿಡಗಳೇ ಇದ್ದವು. ಮುಖ್ಯ ಭೂಭಾಗದಲ್ಲಿ ಆದಂತೆ ಹುಲ್ಲುಗಾವಲು ಹೋಗಿ ಜೌಗು, ಪೊದೆ ಬಂದು ಕೂತ ಲಕ್ಷಣ ಇಲ್ಲಿಲ್ಲ.

ಉಳಿದದ್ದು ನೀರು. ಇಲ್ಲಿ ಸಾಕ್ಷಿಗಳು ಸಾಲಾಗಿ ನಿಲ್ಲುತ್ತವೆ. ಸುಮಾರು 7,850 ವರ್ಷಗಳ ಹಿಂದಿನಿಂದ 5,600ರವರೆಗೆ ಲೇಕ್ ಹಿಲ್ ಕೆರೆ ಆಳ ಕಳೆದುಕೊಳ್ಳುತ್ತಾ ಬಂತು. ಕೆಸರಿನ ಸೂಕ್ಷ್ಮ ಜೀವಿಗಳು ಅದನ್ನು ಹೇಳುತ್ತವೆ. ತೆರೆದ, ಆಳದ ನೀರಲ್ಲಿ ತೇಲಿ ಬದುಕುವ ಜಾತಿಗಳು ಕಡಿಮೆಯಾಗಿ, ತಳದಲ್ಲಿ, ದಡದ ಕಳೆಯಲ್ಲಿ ಬದುಕುವ ಜಾತಿಗಳು ಹೆಚ್ಚಾದವು. ಉಪ್ಪು ತಾಳಿಕೊಳ್ಳುವ ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳೂ ಹೆಚ್ಚಾದವು. ಆಮ್ಲಜನಕದ ಐಸೋಟೋಪ್‌ಗಳೂ, ಅಂದರೆ ಅದರ ಹಗುರದ ಮತ್ತು ಭಾರದ ರೂಪಗಳೂ, ಅದೇ ಮಾತು ಹೇಳಿದವು. ನೀರು ಆವಿಯಾಗುವಾಗ ಹಗುರದ ಆಮ್ಲಜನಕ ಇರುವ ನೀರು ಮೊದಲು ಹಾರುತ್ತದೆ, ಭಾರದ್ದು ಕೆರೆಯಲ್ಲೇ ಉಳಿಯುತ್ತದೆ. ಆ ನೀರಲ್ಲಿ ಬೆಳೆದ ಹುಳಗಳ ಚಿಪ್ಪಿನಲ್ಲಿ ಇದರ ಗುರುತು ಕೂತುಬಿಡುತ್ತದೆ.

ಕೆರೆಯಿಂದ ಹೊರಗೂ ಒಂದು ಸಾಕ್ಷಿ ಇದೆ. ಅದು ಮ್ಯಾಮತ್‌ಗಳ ಮೂಳೆಯೊಳಗೇ ಇತ್ತು. ನೆಲ ಒಣಗಿದ ಹಾಗೆ ಗಿಡಗಳಲ್ಲಿ, ಅದನ್ನು ತಿಂದ ಪ್ರಾಣಿಯಲ್ಲಿ ಭಾರದ ಸಾರಜನಕದ ಪಾಲು ಏರುತ್ತದೆ. ಈಚಿನ ಕಾಲದ ಮೂಳೆಗಳಲ್ಲಿ ಈ ಪಾಲು ಏರಿತ್ತು. ಕೆರೆ ಒಣಗುತ್ತಿದೆ ಅಂತ ಕೆಸರು ಹೇಳಿದ್ದನ್ನು ಮೂಳೆ ಬೇರೆ ದಾರಿಯಲ್ಲಿ ಖಚಿತ ಮಾಡಿತು.

ಒಂದು ಆನೆಗೆ ದಿನಕ್ಕೆ 70ರಿಂದ 200 ಲೀಟರ್ ನೀರು ಬೇಕು. ಮ್ಯಾಮತ್‌ಗೂ ಹೆಚ್ಚು ಕಡಿಮೆ ಅಷ್ಟೇ ಬೇಕಿತ್ತು ಅಂತ ಹೇಳುವುದಕ್ಕೆ ಆಧಾರ ಇದೆ. ಈಗ ಬದುಕಿರುವ ಪ್ರಾಣಿಗಳಲ್ಲಿ ಮ್ಯಾಮತ್‌ಗೆ ತೀರಾ ಹತ್ತಿರದ ಸಂಬಂಧಿ ನಮ್ಮ ಏಷ್ಯಾದ ಆನೆ, ಆಫ್ರಿಕಾದ್ದಲ್ಲ. ಬೇಸಿಗೆಯಲ್ಲಿ ಕಬಿನಿ ಹಿನ್ನೀರಿಗೆ ಹೋದವರಿಗೆ ಆನೆಗೆ ನೀರೆಂದರೇನು ಅಂತ ವಿವರಿಸಬೇಕಿಲ್ಲ. ಮಾರ್ಚ್‌ನಿಂದ ಮೇ ತನಕ ಕಾಡಿನ ಒಳಗಿನ ಕೆರೆಕಟ್ಟೆ ಬತ್ತಿದಾಗ ನಾಗರಹೊಳೆ, ಬಂಡೀಪುರದ ಹಿಂಡುಗಳು ಅಲ್ಲಿಗೆ ಇಳಿಯುತ್ತವೆ. ಇಳಿಯಲು ಒಂದು ಹಿನ್ನೀರಾದರೂ ಇದೆ, ನಡೆದುಹೋಗಲು ಕಾಡಿದೆ. ಸೇಂಟ್ ಪಾಲ್‌ನಲ್ಲಿ ಮುಂದಕ್ಕೆ ನಡೆದರೆ ಸಮುದ್ರ.

ಮ್ಯಾಮತ್‌ಗಳೇ ಕುಡಿದು ಕೆರೆ ಖಾಲಿ ಮಾಡಿದವು ಅಂತ ಕೆಲವು ಸುದ್ದಿಗಳಲ್ಲಿ ಓದಿದ್ದೇನೆ. ಅದು ಲೆಕ್ಕಕ್ಕೆ ನಿಲ್ಲುವುದಿಲ್ಲ. ನಾವೇ ಒಂದು ಅಂದಾಜು ಮಾಡೋಣ. ಮೂವತ್ತು ಪ್ರಾಣಿ ಅಂತ ಸುಮ್ನೆ ಇಟ್ಟುಕೊಳ್ಳಿ. ತಲೆಗೆ 150 ಲೀಟರ್ ಅಂದರೆ ದಿನಕ್ಕೆ 4,500 ಲೀಟರ್. ಒಂದು ಹೆಕ್ಟೇರ್ ಕೆರೆಯಿಂದ ದಿನಕ್ಕೆ ಬರೀ ಒಂದು ಮಿಲಿಮೀಟರ್ ನೀರು ಆರಿದರೂ 10,000 ಲೀಟರ್ ಹೋಗುತ್ತದೆ. ಅಂದರೆ ಬಿಸಿಲು, ಗಾಳಿ ಕುಡಿಯುವುದರ ಅರ್ಧದಷ್ಟೂ ಪ್ರಾಣಿಗಳು ಕುಡಿಯುವುದಿಲ್ಲ.

ಅವು ಮಾಡಿದ ಹಾನಿ ಕಾಲಿಂದ. ಬೇರೆ ಹೊಂಡಗಳು ಬತ್ತಿದಾಗ ಎಲ್ಲವೂ ಉಳಿದ ಒಂದೆರಡು ಕೆರೆಯ ದಡಕ್ಕೇ ಬಂದು ನಿಂತವು. ದಡದ ಹುಲ್ಲು ಸವೆಯಿತು, ನೆಲ ಬೋಳಾಯಿತು, ಮಳೆಗೆ ಮಣ್ಣು ಕೆರೆಗಿಳಿಯಿತು. ಕೆಸರಿನ ಕಂಬದಲ್ಲಿ ಆ ಕಾಲಕ್ಕೆ ಹೂಳು ತುಂಬುವ ವೇಗ ಹೆಚ್ಚಾಗಿದ್ದು ಕಾಣುತ್ತದೆ. ಹೂಳು ತುಂಬಿದಷ್ಟೂ ಕೆರೆಯ ಆಳ ಕಡಿಮೆ. ಆಳ ಕಡಿಮೆಯಾದಷ್ಟೂ ನೀರು ಬೇಗ ಆರಿ, ಉಪ್ಪು ಉಳಿಯುತ್ತದೆ. ಇದರ ಮೇಲೆ ಸಮುದ್ರ ಹತ್ತಿರ ಬಂದಿದ್ದರಿಂದ ದ್ವೀಪದ ನೆಲದೊಳಗಿನ ಸಿಹಿನೀರಿನ ಪದರಕ್ಕೂ ಉಪ್ಪುನೀರಿನ ಒತ್ತಡ. ವಾತಾವರಣವೂ ಒಣಗುತ್ತಿತ್ತು. ಮೂರೂ ಒಂದಕ್ಕೊಂದು ಸೇರಿಕೊಂಡವು. ಒಣಗಿದ್ದು ಎರಡು ಸಾವಿರ ವರ್ಷ ನಿಧಾನವಾಗಿ, ಆದರೆ ಕೊನೆಯ ಹೊಡೆತಕ್ಕೆ ಒಂದು ಕೆಟ್ಟ ಬೇಸಿಗೆ ಸಾಕು.

ಎಲ್ಲಿ ಅನುಮಾನ ಉಳಿಯುತ್ತದೆ

ಇದೆಲ್ಲ ಓದಿದ ಮೇಲೂ ಒಂದು ಮಾತು ಹೇಳಬೇಕು. ಕೆರೆ ಒಣಗಿದ್ದೂ ಪ್ರಾಣಿ ಹೋದದ್ದೂ ಒಂದೇ ಹೊತ್ತಿಗೆ ಅಂತ ಸಾಬೀತಾಗಿದೆ. ಒಣಗಿದ್ದರಿಂದಲೇ ಹೋದವು ಅನ್ನುವುದು ಉಳಿದ ಅನುಮಾನಗಳನ್ನೆಲ್ಲ ತೆಗೆದುಹಾಕಿ ಬಂದ ತೀರ್ಮಾನ. ರೋಗದ ಗುರುತು ಕೆಸರಲ್ಲಿ ಸಿಗುವುದಿಲ್ಲ. ಇಷ್ಟು ಸಣ್ಣ ಹಿಂಡಿನಲ್ಲಿ ಒಳಸಂಬಂಧದಿಂದ ಏನಾಗಿತ್ತು ಅಂತ ಹೇಳಲು ಬೇಕಾದಷ್ಟು ಡಿಎನ್‌ಎಯೂ ಈ ತನಿಖೆಯಲ್ಲಿ ಇರಲಿಲ್ಲ.

ಪರಾಗದ ಸಾಕ್ಷಿಗೂ ಮಿತಿ ಇದೆ. ಇದೇ ದ್ವೀಪದ ಇನ್ನೊಂದು ಕತೆ ಇಲ್ಲಿ ನೆನಪಾಗುತ್ತದೆ. 1911ರಲ್ಲಿ ಅಲ್ಲಿಗೆ 25 ಹಿಮಸಾರಂಗಗಳನ್ನು ತಂದು ಬಿಟ್ಟರು. ಅವುಗಳನ್ನು ತಿನ್ನುವ ತೋಳವಿಲ್ಲ, ಮೇವು ಬೇಕಾದಷ್ಟು. 1938ರ ಹೊತ್ತಿಗೆ ಎರಡು ಸಾವಿರ ದಾಟಿದವು. 1950ರಲ್ಲಿ ಎಣಿಸಿದಾಗ ಉಳಿದದ್ದು ಎಂಟು. ಚಳಿಗಾಲದಲ್ಲಿ ಅವು ನಂಬಿಕೊಂಡಿದ್ದ ಕಲ್ಲುಹೂವು ಖಾಲಿಯಾಗಿತ್ತು. ಕಲ್ಲುಹೂವಿಗೆ ಪರಾಗವೇ ಇಲ್ಲ. ಈ ಸಾರಂಗಗಳ ಕತೆಯನ್ನು ಯಾರಾದರೂ ಐದು ಸಾವಿರ ವರ್ಷ ಆದಮೇಲೆ ಪರಾಗ ಎಣಿಸಿ ಕಂಡುಹಿಡಿಯಲು ಹೊರಟರೆ ಮೇವಿಗೆ ಏನೂ ಆಗಿರಲಿಲ್ಲ ಅಂತ ಬರೆದರೂ ಬರೆಯಬಹುದು. ಮ್ಯಾಮತ್ ಮುಖ್ಯವಾಗಿ ಹುಲ್ಲು ತಿನ್ನುವ ಪ್ರಾಣಿ, ಹುಲ್ಲಿಗೆ ಪರಾಗ ಧಾರಾಳ, ಹಾಗಾಗಿ ಇಲ್ಲಿ ಈ ತಪ್ಪಾಗಿರುವ ಸಾಧ್ಯತೆ ಕಡಿಮೆ. ಆದರೂ ಹುಲ್ಲು ಇತ್ತು ಅನ್ನುವುದಕ್ಕೂ ಹೊಟ್ಟೆ ತುಂಬುವಷ್ಟು ಇತ್ತು ಅನ್ನುವುದಕ್ಕೂ ವ್ಯತ್ಯಾಸ ಇದೆ. ನೀರಿನ ಸಾಕ್ಷಿ ನಾಲ್ಕೈದು ಕಡೆಯಿಂದ ಬಂದಿದೆ, ಮೇವಿನ ವಿರುದ್ಧದ ಸಾಕ್ಷಿ ಒಂದೇ ಕಡೆಯಿಂದ. ನನ್ನ ತೂಕ ನೀರಿನ ಕಡೆಗೇ.

ದೊಡ್ಡ ಜಗಳಕ್ಕೆ ಇದರಿಂದ ಏನು?

ಈ ವರದಿ ಬಂದಾಗ ಹವಾಮಾನದ ಕಡೆಯವರು ಖುಷಿಪಟ್ಟರು. ಮನುಷ್ಯ ಇಲ್ಲದೆಯೂ ಮ್ಯಾಮತ್ ಅಳಿಯುತ್ತದೆ ಅಂತ ಇಲ್ಲಿ ಕಣ್ಣಿಗೆ ಕಾಣುತ್ತದೆ. ಬೇಟೆಯ ಕಡೆಯವರು ಅದೇ ಕಾಗದವನ್ನು ತಿರುಗಿಸಿ ಹಿಡಿದರು. ಮನುಷ್ಯ ಇದ್ದ ಖಂಡದಲ್ಲೆಲ್ಲ ಮ್ಯಾಮತ್ ಮುಗಿದು, ಮನುಷ್ಯ ಇಲ್ಲದ ಪುಟ್ಟ ದ್ವೀಪದಲ್ಲಿ ಮಾತ್ರ ಸಾವಿರಾರು ವರ್ಷ ಉಳಿದದ್ದು ಯಾಕೆ? ಹವಾಮಾನ ಅಲ್ಲಿಗೂ ಬಂದಿತ್ತಲ್ಲ? ಎರಡೂ ಮಾತು ನಿಜ. ನನಗನ್ನಿಸುವಂತೆ ಅವು ಎರಡು ಬೇರೆ ಪ್ರಶ್ನೆಗಳ ಉತ್ತರ. ಕೊನೆಯ ಹಿಂಡು ಹೇಗೆ ಸತ್ತಿತು ಅನ್ನುವುದು ಒಂದು. ಖಂಡಗಳ ತುಂಬ ಇದ್ದ ಪ್ರಾಣಿ ಕೊನೆಗೆ ಒಂದೆರಡು ದ್ವೀಪಕ್ಕೆ ಬಂದು ನಿಂತಿದ್ದು ಹೇಗೆ ಅನ್ನುವುದು ಇನ್ನೊಂದು. ಸೇಂಟ್ ಪಾಲ್ ಮೊದಲನೆಯದಕ್ಕೆ ಉತ್ತರ ಕೊಡುತ್ತದೆ. ಎರಡನೆಯದಕ್ಕೆ ಅದನ್ನು ಎಳೆದು ತರುವುದು ತಪ್ಪು.

ಎರಡನೆಯ ಪ್ರಶ್ನೆಯಲ್ಲಿ ಬೇಟೆಯ ವಾದಕ್ಕೆ ಬಲ ಕೊಡುವ ಒಂದು ಸಂಗತಿ ಇದೆ. ಸುಮಾರು 1,25,000 ವರ್ಷಗಳ ಹಿಂದೆಯೂ ಭೂಮಿ ಈಗಿನಷ್ಟೇ, ಸ್ವಲ್ಪ ಜಾಸ್ತಿಯೇ ಬಿಸಿಯಾಗಿತ್ತು. ಆಗ ಮ್ಯಾಮತ್‌ಗಳ ನೆಲೆ ಕುಗ್ಗಿತು, ಆದರೆ ಅವು ಬದುಕುಳಿದವು. ಮುಂದೆ ಮತ್ತೆ ಚಳಿ ಬಂದಾಗ ಹರಡಿದವು. ಈ ಸಲ ಮಾತ್ರ ಯಾಕೆ ಆಗಲಿಲ್ಲ? ಈ ಸಲದ ಹೊಸತು ಅಂದರೆ ಉತ್ತರದ ಬಯಲುಗಳಲ್ಲಿ ಈಟಿ ಹಿಡಿದು ನಿಂತ ಮನುಷ್ಯ. ಅವನು ಬೇಟೆಯಾಡಿದ್ದರಲ್ಲಿ ಅನುಮಾನ ಇಲ್ಲ. ಅರಿಜೋನಾದ ನ್ಯಾಕೋದಲ್ಲಿ ಒಂದೇ ಮ್ಯಾಮತ್ ಅಸ್ಥಿಪಂಜರದ ಜೊತೆ ಕ್ಲೋವಿಸ್ ಎಂದು ಕರೆಯುವ ಹಳೆಯ ಬೇಟೆಗಾರರ ಎಂಟು ಕಲ್ಲಿನ ಈಟಿಮೊನೆ ಸಿಕ್ಕಿವೆ. ಮೊಂಟಾನಾದಲ್ಲಿ ಸಿಕ್ಕ, ಸುಮಾರು 12,800 ವರ್ಷ ಹಿಂದಿನ ಒಂದು ಮಗುವಿನ ಮೂಳೆಯ ಐಸೋಟೋಪ್ ನೋಡಿ ತಾಯಿಯ ಊಟವನ್ನು ಅಂದಾಜು ಮಾಡಿದ ಕೆಲಸ 2024ರಲ್ಲಿ ಬಂತು. ಅದರ ಪ್ರಕಾರ ಆಕೆಯ ಊಟದಲ್ಲಿ ಮ್ಯಾಮತ್ ಮಾಂಸದ್ದೇ ದೊಡ್ಡ ಪಾಲು.

ಎದುರು ಪಾರ್ಟಿಯ ಪಾಯಿಂಟೂ ಕಡಿಮೆಯೇನಲ್ಲ. ಪುರಾತತ್ವಜ್ಞರಾದ ಡೊನಾಲ್ಡ್ ಗ್ರೇಸನ್ ಮತ್ತು ಡೇವಿಡ್ ಮೆಲ್ಟ್ಜರ್ 2002ರಲ್ಲಿ ಅಮೆರಿಕದ 76 ಬೇಟೆ ತಾಣಗಳ ದಾಖಲೆ ಒಂದೊಂದಾಗಿ ಪರಿಶೀಲಿಸಿದರು. ಮನುಷ್ಯ ಕೊಂದ ಅಥವಾ ಕೊಯ್ದ ಗಟ್ಟಿ ಸಾಕ್ಷಿ ಉಳಿದದ್ದು 14ರಲ್ಲಿ. ಅವೆಲ್ಲ ಮ್ಯಾಮತ್, ಇಲ್ಲವೇ ಅದರ ದೂರದ ನೆಂಟ ಮ್ಯಾಸ್ಟೊಡಾನ್. ಅದೇ ಕಾಲಕ್ಕೆ ಅಳಿದ ಇತರ ಮೂವತ್ತಕ್ಕೂ ಹೆಚ್ಚು ಬಗೆಯ ಪ್ರಾಣಿಗಳ ಬೇಟೆಗೆ ಅಂಥ ಸಾಕ್ಷಿ ಸಿಗಲಿಲ್ಲ.

ನನ್ನ ಓದಿಗೆ ಸರಿ ಅನ್ನಿಸುವುದು ಇದು. ಬಿಸಿ ಬಂದಾಗ ಮ್ಯಾಮತ್‌ಗಳು ಹಿಂದೆಯೂ ಮಾಡಿದಂತೆ ಸಣ್ಣ ಸಣ್ಣ ನೆಲೆಗಳಿಗೆ ಸರಿದವು. ಈ ಸಲ ಆ ನೆಲೆಗಳಲ್ಲಿ ಬೇಟೆಗಾರರೂ ಇದ್ದರು. ಆನೆ ಜಾತಿಯ ಹೆಣ್ಣು ಮರಿ ಹಾಕುವುದು ನಾಲ್ಕೈದು ವರ್ಷಕ್ಕೊಮ್ಮೆ. ಇಂಥ ಹಿಂಡನ್ನು ಮುಗಿಸಲು ರಾಶಿ ರಾಶಿ ಕೊಲ್ಲಬೇಕಿಲ್ಲ. ಹುಟ್ಟುವುದಕ್ಕಿಂತ ಸ್ವಲ್ಪ ಜಾಸ್ತಿ ಸಾಯುತ್ತಾ ಹೋದರೆ ಸಾಕು. ಹಾಗೆ ಕೊಂದದ್ದಕ್ಕೆ ಪುರಾವೆಯೂ ಕಡಿಮೆಯೇ ಉಳಿಯುತ್ತದೆ.

ಇನ್ನೊಂದು ದ್ವೀಪ

ಸೇಂಟ್ ಪಾಲ್ ಆದಮೇಲೂ ಒಂದು ಕಡೆ ಮ್ಯಾಮತ್ ಉಳಿದಿತ್ತು. ಸೈಬೀರಿಯಾದ ಉತ್ತರಕ್ಕೆ 140 ಕಿಲೋಮೀಟರ್ ದೂರದ ರ‍್ಯಾಂಗಲ್ ದ್ವೀಪ. ಸೇಂಟ್ ಪಾಲ್‌ಗಿಂತ ಅರವತ್ತು ಎಪ್ಪತ್ತು ಪಟ್ಟು ದೊಡ್ಡದು. 1993ರಲ್ಲಿ ಅಲ್ಲಿನ ಹಲ್ಲುಗಳ ವಯಸ್ಸು ಪ್ರಕಟವಾದಾಗ ಎಲ್ಲರೂ ಬೆರಗಾದರು. ಸುಮಾರು 4,000 ವರ್ಷಗಳ ಹಿಂದಿನವರೆಗೂ ಅವು ಬದುಕಿದ್ದವು. ಗುಜರಾತಿನ ಧೋಲಾವೀರದಲ್ಲಿ ಹರಪ್ಪಾದ ಜನ ಮಳೆನೀರು ಹಿಡಿಯಲು ಕಲ್ಲಿನ ಕೊಳ ಕಟ್ಟುತ್ತಿದ್ದಾಗ ಅಲ್ಲಿ ಮ್ಯಾಮತ್ ಮೇಯುತ್ತಿದ್ದವು.

ಸೇಂಟ್ ಪಾಲ್‌ನಂತೆ ನೀರು ಬತ್ತಿಹೋದ ಕತೆ ರ‍್ಯಾಂಗಲ್‌ನದ್ದಲ್ಲ. ಮನುಷ್ಯರ ಅತಿ ಹಳೆಯ ಕುರುಹು ಸುಮಾರು 3,600 ವರ್ಷ ಹಿಂದಿನದು, ಅಂದರೆ ಮ್ಯಾಮತ್ ಮುಗಿದು ಕೆಲವು ನೂರು ವರ್ಷ ಆದಮೇಲೆ. ಬಹಳ ಕಾಲ ಒಳಸಂಬಂಧವೇ ಕೊಂದಿತು ಅಂತ ನಂಬಿದ್ದರು. 2024ರಲ್ಲಿ ಸ್ಟಾಕ್‌ಹೋಮ್‌ನ ತಂಡ 21 ಮ್ಯಾಮತ್‌ಗಳ ಪೂರ್ತಿ ಜೀನೋಮ್ ಓದಿ ಆ ನಂಬಿಕೆಯನ್ನು ಅಲ್ಲಾಡಿಸಿತು. ಸುಮಾರು 10,000 ವರ್ಷಗಳ ಹಿಂದೆ ದ್ವೀಪ ಬೇರೆಯಾದಾಗ ಅಲ್ಲಿ ಉಳಿದದ್ದು ಹೆಚ್ಚೆಂದರೆ ಎಂಟು ಪ್ರಾಣಿ. ಇಪ್ಪತ್ತು ತಲೆಮಾರಿನೊಳಗೆ ಅವು 200–300ಕ್ಕೆ ಏರಿ, ಆರು ಸಾವಿರ ವರ್ಷ ಅಷ್ಟರಲ್ಲೇ ನಿಂತವು. ತೀರಾ ಕೆಟ್ಟ ಮ್ಯುಟೇಶನ್‌ಗಳು ನಿಧಾನವಾಗಿ ಕಡಿಮೆಯಾಗುತ್ತಿದ್ದವು, ಸಣ್ಣಪುಟ್ಟ ದೋಷಗಳು ಸೇರಿಕೊಳ್ಳುತ್ತಿದ್ದವು. ಆದರೆ ಹಿಂಡು ಕರಗುತ್ತಾ ಹೋದ ಲಕ್ಷಣ ಇಲ್ಲ. ಅಂದರೆ ಕೊನೆಗೆ ಏನೋ ಒಂದು ಥಟ್ಟನೆ ಬಂದಿರಬೇಕು. ರೋಗವೋ, ಒಂದೆರಡು ಭೀಕರ ವರ್ಷಗಳ ಹವೆಯೋ, ಬೆಂಕಿಯೋ.

ಆ 21 ಜೀನೋಮ್‌ಗಳಲ್ಲಿ ಕೊನೆಯ ಸುಮಾರು 300 ವರ್ಷದ ಪ್ರಾಣಿಗಳು ಇರಲಿಲ್ಲ. ಆ ಕಾಲದ ಮೂಳೆಗಳು ಸಿಕ್ಕಿವೆ, ಅವುಗಳನ್ನೂ ಓದುವ ಯೋಚನೆ ಇದೆ ಅಂತ ತಂಡ ಆಗಲೇ ಹೇಳಿತ್ತು. ಕೊನೆಯ ತಲೆಮಾರುಗಳಲ್ಲಿ ಸಂಖ್ಯೆ ಕುಸಿದ ಗುರುತು ಅದರಲ್ಲಿ ಕಂಡರೆ ರ‍್ಯಾಂಗಲ್‌ನದ್ದೂ ನಿಧಾನದ ಸಾವು ಅಂತ ಬರೆಯಬೇಕಾಗುತ್ತದೆ. ಕಾಣದಿದ್ದರೆ ಥಟ್ಟನೆ ಬಂದ ಆ ಒಂದು ಏನು ಅನ್ನುವ ಹುಡುಕಾಟಕ್ಕೆ ಮತ್ತೆ ಅಲ್ಲಿನ ಕೆರೆಗಳ ಕೆಸರಿಗೇ ಕೊಳವೆ ಇಳಿಸಬೇಕು.